ಅಜ್ಜನಿಗೆ ಬಂದ ಕಾಗದ: ಅನುವಾದ ಎಲ್ಲಿಗೆ ಬಂತು

ಅಜ್ಜನ ಟ್ರಂಕಿನಲ್ಲಿ ಸಿಕ್ಕ ಕಾಗದದ ಮೊದಲ ಪುಟ ಓದಿ ಮುಗಿಯಿತು. ನಾಲ್ಕು ಮಡಿಕೆಯ ಒಂದೇ ಹಾಳೆ, ಎರಡೂ ಬದಿ ಬರಹ. ಕೆಳಗಿನ ಅಂಚು ಹರಿದಿದೆ, ಹಾಗಾಗಿ ರುಜು ಇಲ್ಲ. ತಿಪಟೂರು ಕಡೆಯ ನಮ್ಮ ಊರಿನಿಂದ ಬೆಂಗಳೂರಿನಲ್ಲಿದ್ದ ಅಜ್ಜನಿಗೆ ಬಂದದ್ದು ಎಂಬುದಷ್ಟೇ ಮನೆಯವರಿಗೆ ಗೊತ್ತಿತ್ತು. ಅಮೆರಿಕದಲ್ಲಿರುವ ಅಕ್ಕನ ಮಗಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಅವಳಿಗೋಸ್ಕರ ಇಂಗ್ಲಿಷಿಗೆ ತರುತ್ತಿದ್ದೇನೆ.

ಕೆಲಸವನ್ನು ಮೂರು ಸಾಲಾಗಿ ಇಟ್ಟುಕೊಂಡಿದ್ದೇನೆ. ಮೊದಲ ಸಾಲಿನಲ್ಲಿ ಹಾಳೆಯಲ್ಲಿ ಏನಿದೆಯೋ ಅದೇ, ಕಾಗುಣಿತ ತಿದ್ದದೆ. ಅದರ ಕೆಳಗೆ ಇಂದಿನ ಕನ್ನಡ. ಕೊನೆಗೆ ಇಂಗ್ಲಿಷ್. ನಡುವಿನ ಸಾಲನ್ನು ಬಿಟ್ಟು ನೇರವಾಗಿ ಇಂಗ್ಲಿಷಿಗೆ ಹಾರಿದರೆ ಯಾವುದು ಅವರು ಬರೆದದ್ದು, ಯಾವುದು ನಾನು ಊಹಿಸಿದ್ದು ಎಂಬ ಗೆರೆ ಅಳಿಸಿಹೋಗುತ್ತದೆ. ಮೊದಲ ಸಾಲನ್ನು ತಿದ್ದಿದರಂತೂ ಮುಂದೆ ಅನುಮಾನ ಬಂದಾಗ ಹಿಂದಿರುಗಿ ನೋಡಲು ಏನೂ ಉಳಿಯುವುದಿಲ್ಲ.

ಮಸಿ

ಕಪ್ಪಾಗಿದ್ದ ಮಸಿ ಈಗ ತಿಳಿ ಕಂದು. ಕಬ್ಬಿಣದ ಅಂಶ ಇರುವ ಹಳೆಯ ಮಸಿ ಹೀಗೇ ಕಂದಾಗುತ್ತದೆ. ಕಂದು ಬಣ್ಣ ನೀಲಿ ಬೆಳಕನ್ನು ಹೀರುತ್ತದೆ, ಆದ್ದರಿಂದ ಫೋಟೊದ ಕೆಂಪು, ಹಸಿರು ಪದರಗಳನ್ನು ತೆಗೆದು ನೀಲಿ ಪದರ ಒಂದನ್ನೇ ನೋಡಿದರೆ ಅಕ್ಷರ ಎದ್ದು ಕಾಣುತ್ತದೆ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಹಾಳೆ ಇಟ್ಟು ತೆಗೆದ ಫೋಟೊಗೆ ಇಷ್ಟು ಸಾಕಾಯಿತು:

```
magick kagada.jpg -channel B -separate +channel -auto-level nili.png
```

ಇದರ ಮಿತಿಯೂ ಇದೆ. ಹಾಳೆಯ ಹಳದಿ ಕಲೆ, ನೀರಿನ ಕಲೆ ಎಲ್ಲವೂ ನೀಲಿ ಪದರದಲ್ಲಿ ಇನ್ನಷ್ಟು ಕಪ್ಪಾಗುತ್ತವೆ. ಕಲೆ ಇರುವಲ್ಲಿ ಬಣ್ಣದ ಫೋಟೊವನ್ನೇ ಪಕ್ಕದಲ್ಲಿಟ್ಟು ಓದಬೇಕು. ಮಡಿಕೆಯ ಗೆರೆಯಲ್ಲಿ ಮಸಿಯೇ ಉದುರಿದೆ. ಅಲ್ಲಿಗೆ ಟಾರ್ಚನ್ನು ಮೇಜಿನ ಮಟ್ಟದಲ್ಲಿ ಓರೆಯಾಗಿ ಹಿಡಿದರೆ ಲೇಖನಿಯ ಮುಳ್ಳು ಕೊರೆದ ತಗ್ಗು ನೆರಳಾಗಿ ಕಾಣುತ್ತದೆ, ಕೆಲವು ಅಕ್ಷರ ಹಾಗೆ ಸಿಕ್ಕಿವೆ.

ತಾರೀಖು

ಮೇಲ್ತುದಿಯಲ್ಲಿ "ಶ್ರೀ", ಅದರ ಕೆಳಗೆ: "ಸ್ವಭಾನು ಸಂ||ರದ ಕಾತೀ೯ಕ ಬ|| ೮ ಸ್ಥಿರವಾರ". ಇಸವಿ ಎಲ್ಲೂ ಇಲ್ಲ.

"ಸಂ||ರದ" ಎಂದರೆ ಸಂವತ್ಸರದ. ಮೊದಲ ಅಕ್ಷರ, ಕೊನೆಯ ಅಕ್ಷರ ಉಳಿಸಿ ನಡುವೆ ಎರಡು ಗೀಟು ಹಾಕುವುದು ಆಗಿನ ಸಂಕ್ಷೇಪ. "ಬ||" ಎಂದರೆ ಬಹುಳ, ಕೃಷ್ಣಪಕ್ಷ. ಸ್ಥಿರವಾರ ಶನಿವಾರ. "ಕಾತೀ೯ಕ"ದಲ್ಲಿರುವುದು ಅಂಕಿ ಒಂಬತ್ತಲ್ಲ, ಅರ್ಕಾವತ್ತು, ಅಂದರೆ ಅಕ್ಷರಕ್ಕಿಂತ ಮೊದಲು ಉಚ್ಚರಿಸಿ ಅದರ ನಂತರ ಬರೆಯುವ "ರ್". ಮಸುಕಾದ ಹಾಳೆಯಲ್ಲಿ ಎರಡಕ್ಕೂ ವ್ಯತ್ಯಾಸ ಸಿಗುವುದಿಲ್ಲ, ಸುತ್ತ ಅಕ್ಷರ ಇದೆಯೋ ಅಂಕಿ ಇದೆಯೋ ನೋಡಿಯೇ ತೀರ್ಮಾನಿಸಬೇಕು.

ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಸ್ವಭಾನು 1883ರಲ್ಲೂ ಬಂದಿತ್ತು, 1943ರಲ್ಲೂ, 2003ರಲ್ಲೂ. ತಿಥಿಯ ಅಂಕಿ ಅರ್ಧ ಅಳಿಸಿದೆ, ೬ ಎಂದೂ ಓದಬಹುದು, ೮ ಎಂದೂ ಓದಬಹುದು. ಇಲ್ಲಿ ಸಾಕ್ಷಿ ಹೇಳುವುದು ವಾರ. 1943ರ ಕಾರ್ತೀಕ ಬಹುಳ ಅಷ್ಟಮಿ ನವೆಂಬರ್ 20, ಶನಿವಾರ. ಷಷ್ಠಿ ಆಗಿದ್ದರೆ ಗುರುವಾರದ ಹೊತ್ತಿಗೆ ಬರಬೇಕು. 1883ರ ಅಷ್ಟಮಿಯೂ ಗುರುವಾರದ ಅಕ್ಕಪಕ್ಕ ಬೀಳುತ್ತದೆ, ಶನಿವಾರಕ್ಕೆ ಹೊಂದುವುದಿಲ್ಲ. ಹೀಗೆ ಒಂದು ವಾರದ ಹೆಸರು ಇಸವಿಯನ್ನೂ ಅಳಿಸಿದ ಅಂಕಿಯನ್ನೂ ಒಟ್ಟಿಗೆ ಹಿಡಿದುಕೊಟ್ಟಿತು. ಮುಂದೆ "ರಂಗೂನ್ ಅಕ್ಕಿ ಬರುವದು ನಿಂತು" ಎಂಬ ಮಾತೂ ಇದೆ. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದ ಮೇಲೆ ಅಲ್ಲಿಯ ಅಕ್ಕಿ ನಿಂತದ್ದಕ್ಕೆ ಇದು ಸರಿಹೋಗುತ್ತದೆ.

ಬರೆದವರು ಯಾರು

ರುಜು ಹರಿದುಹೋಗಿದ್ದರೂ ಒಕ್ಕಣೆ ಇದೆ. ಹಳೆಯ ಕಾಗದದ ಒಕ್ಕಣೆಯಲ್ಲಿ ಬರೆಯುವವರ ಸ್ಥಾನ ತಾನೇ ಗೊತ್ತಾಗುತ್ತದೆ. ಅಜ್ಜನ ಹೆಸರಿನ ಹಿಂದೆ "ಚಿ||", ಅಂದರೆ ಚಿರಂಜೀವಿ, ಮುಂದೆ "ಗೆ ಆಶೀರ್ವಾದಗಳು". ಕಿರಿಯರು ಬರೆದಿದ್ದರೆ ನಮಸ್ಕಾರ ಇರಬೇಕಿತ್ತು. ಹಾಗಾಗಿ ಬರೆದವರು ಹಿರಿಯರು: ಮುತ್ತಜ್ಜ, ಇಲ್ಲವೆ ಅಜ್ಜನ ಅಣ್ಣ.

ಮುಂದಿನ ಸಾಲು ಹೀಗಿದೆ: "ವುಭಯ ಕುಶಲೊಪರಿ ಯಿತ್ತಲಾಗಿ ತೀ||ರೂ||ರವರು ಸಹ ಯೆಲ್ಲರು ಕ್ಷೆಮ ನಿಂಮಗಳ ಕ್ಷೆಮಕ್ಕೆ ಕಾಗದ ಬರೆಯುವದು". "ತೀ||ರೂ||" ತೀರ್ಥರೂಪರು. ಯಾರೋ ಸ್ವಾಮಿಗಳಲ್ಲ, ಕಾಗದದಲ್ಲಿ ತಂದೆಯನ್ನು ಕರೆಯುತ್ತಿದ್ದ ರೀತಿ. ತಂದೆ ಕ್ಷೇಮ ಎಂದು ಬರೆಯುತ್ತಿರುವವರು ಸ್ವತಃ ಆ ತಂದೆ ಆಗಿರಲಾರರು. ಮುತ್ತಜ್ಜ ತಮ್ಮ ತಂದೆಯನ್ನು ಹಾಗೆ ಕರೆದಿರಬಹುದಲ್ಲ ಎಂದರೆ, ಮುತ್ತಜ್ಜನ ತಂದೆ 1943ಕ್ಕೆ ಮೊದಲೇ ತೀರಿಕೊಂಡಿದ್ದರು ಎಂಬುದು ಮನೆಯ ಶ್ರಾದ್ಧದ ಪಟ್ಟಿಯಲ್ಲಿದೆ. ಕಾಗದ ದೊಡ್ಡಜ್ಜನದು. ಇಂಗ್ಲಿಷಿನಲ್ಲಿ ಬರೀ "ತಂದೆ" ಎಂದು ಹಾಕಿ, ತೀರ್ಥರೂಪರು ಎಂಬ ಮಾತನ್ನು ಅಡಿಟಿಪ್ಪಣಿಗೆ ಇಳಿಸಿದ್ದೇನೆ.

ದೊಡ್ಡಜ್ಜನ ಕಾಗುಣಿತ

ಮೇಲಿನ ಒಂದೇ ಸಾಲಿನಲ್ಲಿ ಅವರ ರೂಢಿಯೆಲ್ಲ ಇದೆ. ಪದದ ಮೊದಲಿಗೆ ಇ, ಎ ಬಂದರೆ ಯಿ, ಯೆ. ಉ, ಒ ಬಂದರೆ ವು, ವೊ. ಬಾಯಲ್ಲಿ ಹೇಗೆ ಬರುತ್ತದೋ ಹಾಗೆ. ಮಕಾರದ ಒತ್ತಿನ ಬದಲು ಸೊನ್ನೆ: ನಿಂಮ, ನಂಮ, ಅಂಮ. ಬರೆಯುವುದು ಎಂಬಲ್ಲಿ ಬರೆಯುವದು. ಇವನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಹಾಳೆಯುದ್ದಕ್ಕೂ ಒಂದೇ ಪದ್ಧತಿ ನಡೆದಿದೆ, ಎಲ್ಲೂ ಬದಲಾಗಿಲ್ಲ.

ಓದುವವರಿಗೆ ನಿಜವಾಗಿ ತೊಡಕಾಗುವುದು ದೀರ್ಘ. ಎ, ಏ ಎರಡಕ್ಕೂ ಅವರ ಬರಹ ಒಂದೇ, ಒ, ಓ ಎರಡಕ್ಕೂ ಒಂದೇ. ಮೇಲೆ ಎಂಬುದು ಮೆಲೆ, ತೋಟ ಎಂಬುದು ತೊಟ, ಬೇಡ ಎಂಬುದು ಬೆಡ. ಹಳೆಯ ಓಲೆ, ಕಡತಗಳಲ್ಲೂ ಈ ಅಭ್ಯಾಸ ಕಾಣುತ್ತದೆ. ಬಹುಪಾಲು ಕಡೆ ಅರ್ಥ ತಾನೇ ಬರುತ್ತದೆ. ಒಂದು ಕಡೆ ಬರಲಿಲ್ಲ:

"ತಪ್ಪದೆ ತೆರಿಗೆ ಬರುವದು"

ಇದ್ದಂತೆ ಓದಿದರೆ ತೆರಿಗೆ ಖಂಡಿತ ಬೀಳುತ್ತದೆ ಎಂಬ ಎಚ್ಚರಿಕೆ. ಯುದ್ಧದ ಕಾಲ, ಮೇಲಿನ ಸಾಲಿನಲ್ಲಿ ದುಡ್ಡಿನ ವಿಷಯ, ಆ ಓದು ಸಲೀಸಾಗಿ ಕೂರುತ್ತದೆ. ಆದರೆ ದೊಡ್ಡಜ್ಜ ಸರ್ಕಾರಕ್ಕೆ ಕಟ್ಟುವ ಹಣವನ್ನು ಉಳಿದೆಲ್ಲ ಕಡೆ ಕಂದಾಯ ಎಂದೇ ಬರೆದಿದ್ದಾರೆ. ದೀರ್ಘ ಸೇರಿಸಿದರೆ ಇದು ತೇರಿಗೆ. ಇನ್ನು "ಬರುವದು" ಅನ್ನುವುದು ಆಗಿನ ಕಾಗದಗಳಲ್ಲಿ ಮುಂದೆ ಆಗುವ ಸಂಗತಿಯಲ್ಲ, ಮರ್ಯಾದೆಯಿಂದ ಹೇಳುವ ಅಪ್ಪಣೆ. "ಕಾಗದ ಬರೆಯುವದು" ಎಂದರೆ ಕಾಗದ ಬರೆ ಎಂದು. ಹಾಗಾಗಿ ಸಾಲಿನ ಅರ್ಥ: ತಪ್ಪದೆ ತೇರಿಗೆ ಬಾ. ಊರಿನ ತೇರಿಗೆ ತಮ್ಮನನ್ನು ಕರೆಯುತ್ತಿದ್ದಾರೆ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ತೇರನ್ನು "ಕಾರ್" ಎಂದಿದ್ದಾರೆ, ಅದು ಈಗಿನ ಮಕ್ಕಳಿಗೆ ಮೋಟಾರು ಕಾರೇ ಆಗುತ್ತದೆ. ನಾನು "ಚಾರಿಯಟ್" ಎಂದೇ ಹಾಕಿದ್ದೇನೆ.

ಗೀಟಿನ ಲೆಕ್ಕ

ದುಡ್ಡಿನ ಸಾಲು: "ಕಂದಾಯಕ್ಕೆ ೭|- ಬಡ್ಡಿಗೆ ೫|- ಸಹ ೧೨||= ಕಳುಹಿಸುವದು".

ಅಕ್ಷರದ ಮುಂದೆ ಬಂದರೆ ಸಂಕ್ಷೇಪದ ಗುರುತಾಗುವ ಗೀಟು ಅಂಕಿಯ ಮುಂದೆ ಬಂದರೆ ಕಾಲು. ನಿಂತ ಗೀಟು ಒಂದಕ್ಕೆ ಕಾಲು ರೂಪಾಯಿ, ಅಂದರೆ ನಾಲ್ಕಾಣೆ. ಎರಡು ಗೀಟು ಅರ್ಧ, ಎಂಟಾಣೆ. ಅಡ್ಡ ಗೀಟು ಒಂದಕ್ಕೆ ಒಂದಾಣೆ, ರೂಪಾಯಿಯ ಹದಿನಾರನೇ ಪಾಲು. ಹಾಗಾದರೆ ೭|- ಎಂದರೆ ಏಳು ರೂಪಾಯಿ ಐದಾಣೆ, ೫|- ಎಂದರೆ ಐದು ರೂಪಾಯಿ ಐದಾಣೆ. ಕೂಡಿದರೆ ಹನ್ನೆರಡು ರೂಪಾಯಿ ಹತ್ತಾಣೆ. ೧೨||= ಅದೇ.

ಮೊತ್ತದ ಅಡ್ಡ ಗೀಟುಗಳಲ್ಲಿ ಒಂದು ನೀಲಿ ಪದರದಲ್ಲೂ ಸರಿಯಾಗಿ ಕಾಣುತ್ತಿರಲಿಲ್ಲ. ಕೂಡುಲೆಕ್ಕ ತಾಳೆಯಾದ ಮೇಲೆ ಅದನ್ನು ಖಚಿತ ಓದು ಎಂದೇ ಗುರುತಿಸಿದ್ದೇನೆ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂದ ಮೇಲೆ ಹುಟ್ಟಿದವರು ಈ ಗೀಟುಗಳನ್ನು ಕೈತಪ್ಪಿ ಎಳೆದ ಗೆರೆ ಎಂದೇ ದಾಟಿಹೋಗುತ್ತಾರೆ. ಇಂಗ್ಲಿಷಿನಲ್ಲಿ ಇಂದಿನ ಬೆಲೆಗೆ ತಿರುಗಿಸಿಲ್ಲ, ರೂಪಾಯಿ ಆಣೆ ಹಾಗೇ ಇವೆ.

ಅಮ್ಮ ಬಂದದ್ದು

"ಮಗುವಿಗೆ ಅಂಮ ಬಂದಿತ್ತು ನೀರು ಹಾಕಿ ಆಯಿತು ಯೊಚನೆ ಬೆಡ".

ಇಡೀ ಪುಟದಲ್ಲಿ ನಾನು ಅತಿ ಹೆಚ್ಚು ಹೊತ್ತು ಕೂತದ್ದು ಈ ಸಾಲಿನ ಮುಂದೆ. ಪದಪದವಾಗಿ ಇಂಗ್ಲಿಷಿಗೆ ಇಟ್ಟರೆ ಯಾರೋ ತಾಯಿ ಬಂದುಹೋದ ಸುದ್ದಿ. ವ್ಯಾಕರಣ ಅದನ್ನು ಒಪ್ಪುವುದಿಲ್ಲ. ತಾಯಿ ಆಗಿದ್ದರೆ ಬಂದಿದ್ದರು ಎನ್ನಬೇಕಿತ್ತು, ಇಲ್ಲಿರುವುದು "ಬಂದಿತ್ತು". ಜೊತೆಗೆ "ಮಗುವಿಗೆ". ಇದು ಸಿಡುಬು. ರೋಗದ ಹೆಸರು ಬಾಯಲ್ಲಿ ತರದೆ ಅಮ್ಮ ಎನ್ನುತ್ತಿದ್ದರು. ದೊಡ್ಡತ್ತೆಗೆ ಫೋನಿನಲ್ಲಿ ಓದಿ ಹೇಳಿದೆ. "ಅಮ್ಮ ಬಂದ್ರೆ ಮನೇಲಿ ಒಗ್ಗರಣೆ ಹಾಕ್ತಿರಲಿಲ್ಲ ಕಣೋ. ಇಳಿದ ಮೇಲೆ ಬೇವಿನ ಸೊಪ್ಪು ಹಾಕಿದ ನೀರು ಹುಯ್ಯೋರು. ನೀರು ಹಾಕಿ ಆಯ್ತು ಅಂದ್ರೆ ಮಗು ಉಳೀತು ಅಂತ" ಎಂದರು. "ಯೋಚನೆ ಬೇಡ"ದಲ್ಲಿರುವ ಯೋಚನೆ ಆಲೋಚನೆಯಲ್ಲ, ಚಿಂತೆ. ನಮ್ಮ ಕಡೆ ಈಗಲೂ ಹಾಗೆ ಹೇಳುತ್ತೇವೆ.

ದೊಡ್ಡ ಸಿಡುಬೋ ಸೀತಾಳೆ ಸಿಡುಬೋ ಎಂಬುದು ಈ ಮಾತಿನಿಂದ ತಿಳಿಯುವುದಿಲ್ಲ, ಎರಡಕ್ಕೂ ಅಮ್ಮ ಎಂದೇ ಹೇಳುತ್ತಿದ್ದರು. ದೊಡ್ಡ ಸಿಡುಬು ಆಗ ಇನ್ನೂ ಜೀವ ತೆಗೆಯುತ್ತಿದ್ದ ಕಾಲ, ಅದು ಈ ದೇಶದಿಂದ ಹೋದದ್ದು 1970ರ ದಶಕದಲ್ಲಿ. ಇಂಗ್ಲಿಷಿನಲ್ಲಿ ಯಾವುದಾದರೊಂದನ್ನು ಆರಿಸಿದರೆ ಕಾಗದದಲ್ಲಿ ಇಲ್ಲದ್ದನ್ನು ಸೇರಿಸಿದಂತೆ. ಅದಕ್ಕೆ "ಅಮ್ಮ" ಎಂಬ ಪದವನ್ನೇ ಉಳಿಸಿ, ಪಕ್ಕದಲ್ಲಿ ಬರೀ "ಪಾಕ್ಸ್" ಎಂದು ಬರೆದು, ನೀರು ಹಾಕುವುದನ್ನು ಒಂದು ಪೂರ್ತಿ ವಾಕ್ಯದಲ್ಲಿ ವಿವರಿಸಿದ್ದೇನೆ. ಆ ಮಗು ನಮ್ಮ ಅಪ್ಪನ ತಲೆಮಾರಿನವರಲ್ಲಿ ಒಬ್ಬರು. ಯಾರು ಎಂದು ಎರಡನೇ ಪುಟ ಹೇಳಬಹುದು.

ಉಳಿದದ್ದು

ಎರಡನೇ ಪುಟದ ನಡು ಮಡಿಕೆಯಲ್ಲಿ ಒಂದು ಸಾಲು ಪೂರ್ತಿ ಹೋಗಿದೆ. ಅಲ್ಲಿ ಚೌಕ ಕಂಸದೊಳಗೆ ಅಕ್ಷರಕ್ಕೊಂದರಂತೆ ಚುಕ್ಕಿ ಇಡುತ್ತಿದ್ದೇನೆ, ಅನುಮಾನದ ಓದಿಗೆ ಪ್ರಶ್ನೆಚಿಹ್ನೆ. ಮಗುವಿನ ಹೆಸರು ಇರಬಹುದಾದ ಕಡೆ ಈಗ ಮೂರು ಚುಕ್ಕಿ ಇವೆ, ಕೊನೆಯ ಅಕ್ಷರ ವ ಅಥವಾ ಪ. ಮಸುಕಿನಲ್ಲಿ ವಕಾರದ ಕೂಡಿದ ಗೆರೆ ಹಾರಿಹೋದರೆ ಅದು ಪಕಾರದಂತೆಯೇ ಕಾಣುತ್ತದೆ. ಮೊದಲ ಪುಟದಲ್ಲಿ ಸ್ಪಷ್ಟವಾಗಿರುವ ವ, ಪ ಎರಡನ್ನೂ ಕತ್ತರಿಸಿ ಒಂದು ಹಾಳೆಯಲ್ಲಿ ಜೋಡಿಸುತ್ತಿದ್ದೇನೆ. ಮುಂದಿನ ಕೆಲಸ ಅವುಗಳ ಪಕ್ಕ ಈ ಅಕ್ಷರವನ್ನು ಇಟ್ಟು ನೋಡುವುದು.