ಗೆರೆ ಮೇಲೆ ಹೋದದ್ದು

ಅಕ್ಕನ ನಿಶ್ಚಿತಾರ್ಥದ ಫೋಟೋ ಎಲ್ಲ ಸೋಮವಾರ ರಾತ್ರಿ ಫ್ಯಾಮಿಲಿ ಗ್ರೂಪಿಗೆ ಬಂತು. ಎದುರಿಂದ ತೆಗೆದದ್ದರಲ್ಲಿ ನಾನು ಸರಿಯೇ ಇದ್ದೇನೆ, ಆದರೆ ಒಂದು ಫೋಟೋದಲ್ಲಿ ಭಾವನಿಗೆ ಹಾರ ಕೊಡ್ಲಿಕ್ಕೆ ಅಂತ ಪಕ್ಕಕ್ಕೆ ತಿರುಗಿದ್ದೇನೆ, ಅದರಲ್ಲಿ ಕೆಳಗಿನ ತುಟಿ ಆದ ಮೇಲೆ ಗದ್ದವೇ ಇಲ್ಲದ ಹಾಗೆ ಮುಖ ಸೀದಾ ಕುತ್ತಿಗೆಗೆ ಇಳಿದು ಹೋಗಿದೆ, ದವಡೆಯ ಅಂಚಿಗೆ ಪೆನ್ಸಿಲಲ್ಲಿ ಎಳೆದ ಹಾಗೆ ಒಂದು ಗಡ್ಡದ ಗೆರೆ, ಅದರ ಕೆಳಗೆ ಬೋಳು ಮಾಂಸ. ನಂಗೆ ಇಪ್ಪತ್ತಾರು ವರ್ಷ, ಇಷ್ಟು ದಿನ ಕನ್ನಡಿಯಲ್ಲಿ ಎದುರಿಂದಲೇ ನೋಡಿಕೊಂಡವನಿಗೆ ಆ ಫೋಟೋ ನೋಡಿ ನಿಜವಾಗಿ ಬೇಜಾರಾಯ್ತು, ನಿದ್ದೆ ಸಹ ಸರಿ ಬರ್ಲಿಲ್ಲ.

ಮಾವ ಕೂಡಲೇ ಶುರು ಮಾಡಿದ್ರು, "ದಿನಾ ಬೋಳಿಸು ಮಾರಾಯ, ಆಗ ದಪ್ಪ ಬರ್ತದೆ." ಮಾವ ಒಳ್ಳೆಯವರು, ಆದರೆ ಹದಿನೆಂಟಕ್ಕೇ ಮುಖ ತುಂಬ ಗಡ್ಡ ಬಂದವರಿಗೆ ಇದರ ಕಷ್ಟ ಗೊತ್ತಾಗುದಿಲ್ಲ. ಬ್ಲೇಡು ಚರ್ಮದ ಮೇಲಿನ ಕೂದಲನ್ನು ಮಾತ್ರ ಕತ್ತರಿಸುದು, ಒಳಗಿನ ಬುಡಕ್ಕೆ ಅದರ ಸುದ್ದಿಯೇ ಹೋಗುದಿಲ್ಲ, ಚೂಪಾಗಿದ್ದ ತುದಿ ಮೊಂಡಾಗುವ ಕಾರಣ ಕೈಗೆ ಒರಟು ಸಿಕ್ತದೆ ಅಷ್ಟೇ. ನಾನು ಕಾಲೇಜಲ್ಲಿ ಎರಡು ವರ್ಷ ದಿನಾ ಬೋಳಿಸಿದವ, ಎಡಕೆನ್ನೆಯಲ್ಲಿ ಹೆಬ್ಬೆರಳು ಒತ್ತಿದಷ್ಟು ದೊಡ್ಡ ಎರಡು ಖಾಲಿ ಜಾಗ ಆಗ್ಲೂ ಇತ್ತು, ಈಗ್ಲೂ ಉಂಟು.

ಮಂಗಳವಾರ ಸಂಜೆ ಬದಿಯಡ್ಕದಲ್ಲಿ ಅಪ್ಪ ಹೋಗುವ ಹಳೇ ಅಂಗಡಿಗೆ ಹೋದೆ. ಎರಡು ವಾರ ಮೊದಲು ಪೇಟೆಯ ಒಂದು ಎಸಿ ಸೆಲೂನಿನಲ್ಲಿ ಒಳ್ಳೆ ದುಡ್ಡು ಕೊಟ್ಟು 'ಶಾರ್ಪ್' ಮಾಡಿಸಿಕೊಂಡದ್ದು, ಅಲ್ಲಿಯ ಹುಡುಗ ಕೈಚಳಕದಲ್ಲಿ ಕಮ್ಮಿ ಇಲ್ಲ, ಆದರೆ ಮೊಬೈಲಲ್ಲಿ ತೋರಿಸಿದ ಮುಖವನ್ನು ನೋಡಿದ್ದು, ನನ್ನ ಮುಖವನ್ನು ನೋಡ್ಲಿಲ್ಲ. ಹಳೇ ಅಂಗಡಿಯ ಅಣ್ಣನಿಗೆ ಫೋಟೋ ತೋರಿಸಿ, "ಅಣ್ಣ, ಗಡ್ಡ ಕಮ್ಮಿ ಇರುದಕ್ಕೆ ಹೀಗೆ ಕಾಣುದಾ?" ಅಂತ ಕೇಳಿದೆ. ಪಕ್ಕದ ಕುರ್ಚಿಯವರ ಹತ್ತಿರ ಮಲಯಾಳದಲ್ಲಿ ಮಾತಾಡ್ತಾ ಇದ್ದವರು ಮಾತು ನಿಲ್ಲಿಸಿ ಫೋಟೋ ದೊಡ್ಡದು ಮಾಡಿ ನೋಡಿದ್ರು. "ಗಡ್ಡ ಕಮ್ಮಿಯಾದ್ದಲ್ಲ ತಮ್ಮ, ಗೆರೆ ಮೇಲೆ ಹೋದದ್ದು."

ಈ ಮಾತು ನಾಲ್ಕು ದಿನದಿಂದ ತಲೆಯಲ್ಲಿ ಓಡ್ತಾ ಉಂಟು.

ಅವರು ಹೇಳಿದ್ದು ಇಷ್ಟು. ದವಡೆ ಗಟ್ಟಿ ಇದ್ದವನಿಗೆ ಎಲುಬಿನ ಅಂಚಿಗೆ ಸರಿಯಾಗಿ ಗೆರೆ ಎಳೆದ್ರೆ ಆ ಎಲುಬು ಎದ್ದು ಕಾಣ್ತದೆ. ನನ್ನ ಹಾಗೆ ಗದ್ದ ಹಿಂದೆ ಇರುವವನಿಗೆ ಅಲ್ಲೇ ಗೆರೆ ಎಳೆದ್ರೆ, ಇಲ್ಲದ ಅಂಚನ್ನೇ ಬೊಟ್ಟು ಮಾಡಿ ತೋರಿಸಿದ ಹಾಗೆ, ಮತ್ತೆ ಗದ್ದದ ಅಡಿಯ ಮಾಂಸ ಪೂರ್ತಿ ಬೆಳಕಿಗೆ ಬಿದ್ದು ಇನ್ನೊಂದು ಗದ್ದ ಕಾಣ್ತದೆ. ಗೆರೆ ಇರಬೇಕಾದ್ದು ಇನ್ನೂ ಕೆಳಗೆ. ಅವರು ಎರಡು ಬೆರಳು ಜೋಡಿಸಿ ನನ್ನ ಗಂಟಲಮಣಿಯಿಂದ ಮೇಲಕ್ಕೆ ಅಡ್ಡ ಇಟ್ಟು, ಮೇಲಿನ ಬೆರಳು ಮುಟ್ಟಿದ ಕಡೆ ಉಗುರಲ್ಲಿ ಮೆಲ್ಲ ಒತ್ತಿದ್ರು, ಅದು ಗೆರೆಯ ಎಲ್ಲಕ್ಕಿಂತ ಕೆಳಗಿನ ಬಿಂದು. ಅಲ್ಲಿಂದ ಎರಡೂ ಬದಿಗೆ ಕಿವಿಯ ಹಿಂದಿನವರೆಗೆ ತೊಟ್ಟಿಲಿನ ಹಾಗೆ ಬಾಗಿ ಏರಬೇಕು. ಅದರ ಕೆಳಗಿನದ್ದು ಬೋಳಿಸ್ಬಹುದು, ಮೇಲಿನದ್ದು ಗದ್ದದ ಅಡಿಗೆ ನೆರಳು ಕೊಡ್ತದೆ, ನೋಡುವವರ ಕಣ್ಣು ಅದನ್ನೇ ದವಡೆ ಅಂತ ಓದ್ತದೆ.

ಆಮೇಲೆ ಅವರು ಮಾಡಿದ್ದು ನಂಗೆ ತುಂಬ ಹಿಡಿಸಿತು. ನನ್ನನ್ನು ಪಕ್ಕಕ್ಕೆ ತಿರುಗಿಸಿ ಕೈಕನ್ನಡಿ ಕೊಟ್ಟು, ಬಾಚಣಿಗೆಯನ್ನು ಕೆಳತುಟಿಗೆ ತಾಗಿಸಿ ನೇರ ಕೆಳಗೆ ಹಿಡಿದ್ರು. ಬಾಚಣಿಗೆಗೂ ಗದ್ದಕ್ಕೂ ಮಧ್ಯೆ ಸುಮಾರು ಒಂದು ಬೆರಳಿನಷ್ಟು ಜಾಗ. "ಈ ಜಾಗವನ್ನು ಗದ್ದದ ಕೂದಲು ತುಂಬಿಸ್ಬೇಕು, ಕೆನ್ನೆಯದ್ದಲ್ಲ." ಅಂದ್ರೆ ಗದ್ದದಲ್ಲಿ ಉದ್ದ, ಬದಿಯಲ್ಲಿ ಗಿಡ್ಡ. ಎಲ್ಲ ಕಡೆ ಒಂದೇ ಉದ್ದ ಬಿಟ್ರೆ ಮುಖ ಅಗಲ ಆಗಿ ಗದ್ದ ಮತ್ತೂ ಮುಳುಗ್ತದೆ, ಕೆನ್ನೆಯ ಖಾಲಿ ಜಾಗವೂ ಎದ್ದು ಕಾಣ್ತದೆ, ಯಾಕಂದ್ರೆ ಸುತ್ತಲಿನ ಕೂದಲು ಉದ್ದ ಆದಷ್ಟು ಇಲ್ಲದ ಜಾಗಕ್ಕೂ ಇರುವ ಜಾಗಕ್ಕೂ ವ್ಯತ್ಯಾಸ ಜಾಸ್ತಿ. ನಾನು ಇಷ್ಟು ವರ್ಷ ಮಾಡಿದ ತಪ್ಪು ಅದೇ, ಬೆಳೆಸಿದ್ರೆ ಮುಚ್ಚಿ ಹೋಗ್ತದೆ ಅಂತ ಕೆನ್ನೆಯನ್ನು ಬೆಳೆಸಿದ್ದು, ಗದ್ದದ ಅಡಿಯನ್ನು ಬೋಳಿಸಿದ್ದು, ಪೂರಾ ಉಲ್ಟಾ.

ನಂಗೆ ಅವರು ನಿಗದಿ ಮಾಡಿದ್ದು ಹೀಗೆ: ಕೆನ್ನೆಗೆ ಮಿಷಿನಿನ ಒಂದನೇ ನಂಬರು, ಅದು 3 ಮಿಲಿಮೀಟರ್. ದವಡೆಯ ಬದಿಗೆ ಎರಡನೇದು, 6. ಗದ್ದಕ್ಕೆ ಮೂರನೇದು, ಸುಮಾರು 10. ಒಂದರಿಂದ ಇನ್ನೊಂದಕ್ಕೆ ಮೆಟ್ಟಿಲು ಕಾಣದ ಹಾಗೆ ಬೆರೆಸುದು. ಕೆನ್ನೆಯ ಮೇಲಿನ ಗೆರೆಯನ್ನು ಮಾತ್ರ ಕೆಳಗಿಳಿಸುದು, ಕೃತಾವಿನಿಂದ ಬಾಯಿಯ ಮೂಲೆಯ ಕಡೆ ಬಾಗಿ ಬರುವ ಹಾಗೆ, ಆಗ ನನ್ನ ಎರಡು ಖಾಲಿ ಜಾಗದಲ್ಲಿ ಮೇಲಿನದ್ದು ಗಡ್ಡದಿಂದ ಹೊರಗೇ ಉಳೀತದೆ. ದವಡೆಯ ಅಂಚಿನಲ್ಲಿ ನಂಗೆ ಕೂದಲು ತುಂಬಿಕೊಂಡಿದೆ, ಅದಕ್ಕೇ ಇದು ಆಗ್ತದೆ. ಅಂಚಿನಲ್ಲೂ ಚರ್ಮ ಕಂಡ್ರೆ ಕೆನ್ನೆಯನ್ನು ಪೂರ್ತಿ ಬೋಳಿಸಿ ಮೀಸೆ ಮತ್ತೆ ಗದ್ದ ಮಾತ್ರ ಇಟ್ಟುಕೊಳ್ಳುದು ಒಳ್ಳೇದು ಅಂದ್ರು.

ಇನ್ನೂ ಉದ್ದ ಬಿಟ್ರೆ ಒಳ್ಳೇದಲ್ವಾ ಅಂತ ಕೇಳಿದೆ. ಇಲ್ವಂತೆ, ನನ್ನ ಹಾಗೆ ತೆಳು ಇದ್ದವರಿಗೆ ಒಂದೂವರೆ ಸೆಂಟಿಮೀಟರ್ ದಾಟಿದ್ರೆ ಕೂದಲು ಮುಂದಕ್ಕೆ ನಿಲ್ಲುದಿಲ್ಲ, ಕೆಳಗೆ ಜೋತು ಬೀಳ್ತದೆ, ಆಗ ಮುಖ ಉದ್ದ ಆಗುದು ಬಿಟ್ರೆ ಬಾಚಣಿಗೆಯ ಜಾಗ ತುಂಬುದಿಲ್ಲ. ತಲೆ ಬಗ್ಗಿಸಿ ಕೂತ್ರೆ ಎಂಥ ಗಡ್ಡವೂ ಮುಚ್ಚುದಿಲ್ಲ ಅಂತ ಸಹ ಹೇಳಿದ್ರು. ಬೆಳೀಲಿಕ್ಕೆ ಎಣ್ಣೆ ಬೇಕಾ ಅಂದ್ರೆ ಕಪಾಟಿನಲ್ಲಿದ್ದ ಬಾಟಲಿ ತೋರಿಸಿ, "ಇದು ಮೆತ್ತಗೆ ಮಾಡ್ತದೆ, ಹುಟ್ಟಿಸುದಿಲ್ಲ" ಅಂದ್ರು, ಮಾರುವವರೇ ಹಾಗೆ ಹೇಳಿದ್ದು ನಂಗೆ ದೊಡ್ಡ ಮಾತು. ಮೊದಲು ಗಡ್ಡ ಇದ್ದ ಕಡೆ ಇದ್ದಕ್ಕಿದ್ದ ಹಾಗೆ ನಾಣ್ಯದ ಹಾಗೆ ಉರುಟು ಬೋಳಾದ್ರೆ ಮಾತ್ರ ಚರ್ಮದ ಡಾಕ್ಟ್ರಿಗೆ ತೋರಿಸ್ಬೇಕಂತೆ, ನನ್ನದು ಮೊದಲಿಂದ ಇರುವ ಖಾಲಿ, ಅಪ್ಪನಿಗೂ ಹಾಗೇ ಇತ್ತು, ಮೂವತ್ತರ ಹತ್ತಿರ ಸ್ವಲ್ಪ ತುಂಬಿಕೊಂಡಿತಂತೆ.

ಅಪ್ಪನಿಗೂ ಇತ್ತು ಅನ್ನುದು ನಂಗೆ ಗೊತ್ತೇ ಇರ್ಲಿಲ್ಲ. ನೆನಪಾದಾಗಿಂದ ಅಪ್ಪ ನುಣ್ಣಗೆ ಬೋಳಿಸಿದವರೇ. ಅವರು ಸಹ ಇದೇ ಕುರ್ಚಿಯಲ್ಲಿ ಕೂತು ಇದನ್ನೇ ಕೇಳಿದ್ರಾ, ಮನೆಯಲ್ಲಿ ಗಂಡಸರು ಅಡಿಕೆ ಕ್ರಯದಿಂದ ಹಿಡಿದು ಎಲ್ಲ ಮಾತಾಡ್ತಾರೆ, ಮುಖದ ಬಗ್ಗೆ ಒಬ್ಬರೂ ಬಾಯಿ ಬಿಡುದಿಲ್ಲ, ಒಂದು ಮಾತು ಹೇಳಿದ್ದಿದ್ರೆ ನಾನು ಹತ್ತು ವರ್ಷ ಸುಮ್ಮನೆ ಕೆನ್ನೆ ಮುಟ್ಟಿಕೊಂಡು ಕೊರಗ್ತಿರ್ಲಿಲ್ಲ.

ಆ ದಿನ ಅಂಗಡಿಯ ಅಣ್ಣ ಕೆನ್ನೆಗೆ ಒಂದನೇ ನಂಬರು ಹಾಕಿದ್ದು ಬಿಟ್ರೆ ಬೇರೆ ಎಂತದೂ ಮಾಡ್ಲಿಲ್ಲ, ಯಾಕಂದ್ರೆ ಗದ್ದದ ಅಡಿಯಲ್ಲಿ ಕತ್ತರಿಸ್ಲಿಕ್ಕೇ ಕೂದಲಿರ್ಲಿಲ್ಲ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುದು, ಮದುವೆಗೆ ಐದು ವಾರ ಉಂಟು. "ನಾಲ್ಕು ವಾರ ಗದ್ದದ ಅಡಿಗೆ ಬ್ಲೇಡ್ ಮುಟ್ಟಿಸ್ಬೇಡ, ತುರಿಸಿದ್ರೂ ಬಿಡು, ಆಮೇಲೆ ಬಾ."

ಇವತ್ತು ಶನಿವಾರ. ಬೆಳಿಗ್ಗೆ ಅಪ್ಪ ಜಗಲಿಯಲ್ಲಿ ಪೇಪರ್ ಓದ್ತಾ ಇದ್ರು, ನಾನು ಪಕ್ಕದಲ್ಲಿ ಕೂತು ಗಂಟಲಿನ ಹತ್ತಿರ ತುರಿಸ್ತಾ ಇದ್ದೆ. ತಲೆ ಎತ್ತಿ ನೋಡಿ, "ಬೋಳಿಸ್ಲಿಲ್ವಾ?" ಅಂದ್ರು. "ಇಲ್ಲಪ್ಪ, ಗೆರೆ ಮೇಲೆ ಹೋಗಿತ್ತು" ಅಂದೆ. ಅಪ್ಪ ಸ್ವಲ್ಪ ಹೊತ್ತು ನನ್ನ ಗದ್ದವನ್ನೇ ನೋಡಿ, ಬಲಗೈ ತಂದು ತಮ್ಮ ಎಡಕೆನ್ನೆ ಸವರಿಕೊಂಡ್ರು.