ಒಂದೇ ಗೂಡಿಗೆ ಎರಡು ಖಾತೆ ಬಂದರೆ

"ಸಾರ್, ಹ್ಯಾಶ್ ಟೇಬಲ್‌ನಲ್ಲಿ ಸಾವಿರಗಟ್ಟಲೆ ಹೆಸರಿದ್ರೂ ಬೇಕಾದ್ದು ತಕ್ಷಣ ಹೆಂಗೆ ಸಿಗುತ್ತೆ? ಎರಡು ಕೀ ಒಂದೇ ಜಾಗಕ್ಕೆ ಬಂದ್ರೆ ಮೊದಲಿನದು ಅಳಿಸಿ ಹೋಗಲ್ವಾ?"

ಅಳಿಸಿ ಹೋಗಲ್ಲ. ಯಾಕೆ ಅಂತ ಹೇಳೋಕೆ, ದಾವಣಗೆರೆಯ ಒಂದು ದಲಾಲಿ ಅಂಗಡಿಗೆ ನಾನು ಹಿಂದೆ ಬರೆದುಕೊಟ್ಟ ಪ್ರೋಗ್ರಾಂ ಕಥೆಯೇ ಸಾಕು. ಮೆಕ್ಕೆಜೋಳ ತರುವ ರೈತರ ಸುಮಾರು 3000 ಖಾತೆಗಳು. ನಂಬರ್ ಹೇಳಿದ ಕೂಡಲೇ ಖಾತೆ ತೆರೆಯಬೇಕು.

ನಾನು 100 ಗೂಡು ಮಾಡಿದೆ, 0ಯಿಂದ 99ರವರೆಗೆ. ಖಾತೆ ನಂಬರನ್ನು 100ರಿಂದ ಭಾಗಿಸಿ, ಉಳಿದ ಶೇಷವೇ ಗೂಡಿನ ನಂಬರ್. ಇದೇ ನನ್ನ ಹ್ಯಾಶ್ ಫಂಕ್ಷನ್. 4560 ಅಂದರೆ 60ನೇ ಗೂಡು. ಇಲ್ಲಿ ಹುಡುಕಾಟವೇ ಇಲ್ಲ ನೋಡಿ, ಬರೀ ಲೆಕ್ಕ. ಗೂಡುಗಳು ಅರೇಯಲ್ಲಿ ಸಾಲಾಗಿ ಒಂದೇ ಅಳತೆಯಲ್ಲಿ ಇರುತ್ತವೆ. ಹಾಗಾಗಿ 60ನೆಯದು ಎಲ್ಲಿದೆ ಅಂತ ಕಂಪ್ಯೂಟರ್ ಒಂದು ಗುಣಾಕಾರ, ಒಂದು ಕೂಡಿಕೆಯಲ್ಲಿ ಹೇಳಿಬಿಡುತ್ತೆ. ಹಿಂದಿನ 60 ಗೂಡುಗಳನ್ನು ಮುಟ್ಟೋದೇ ಇಲ್ಲ.

ಈಗ 7860 ಬಂತು. ಅದರ ಶೇಷವೂ 60. ಡಿಕ್ಕಿ! ಅದನ್ನು ಅದೇ ಗೂಡಿನಲ್ಲಿ, 4560ರ ಪಕ್ಕಕ್ಕೆ ಸರಪಳಿಯ ಹಾಗೆ ಜೋಡಿಸುತ್ತೇವೆ. ಇಲ್ಲಿ ಹುಡುಗರು ತಪ್ಪದೇ ಮರೆಯುವ ಮಾತೊಂದಿದೆ. ಗೂಡಿನಲ್ಲಿ ಬಾಕಿ ಹಣವನ್ನು ಮಾತ್ರ ಇಟ್ಟರೆ ಸಾಲದು, ಪೂರ್ತಿ ಖಾತೆ ನಂಬರನ್ನೂ ಜೊತೆಗೆ ಇಡಬೇಕು. ತೆಗೆಯುವಾಗ ಗೂಡಿಗೆ ಹೋಗಿ, ಒಂದೊಂದರ ನಂಬರನ್ನೂ ಹೋಲಿಸಿ, ತಾಳೆಯಾದದ್ದನ್ನೇ ಕೊಡಬೇಕು. ಹೋಲಿಸದೇ ಕೊಟ್ಟರೆ ಒಬ್ಬ ರೈತನ ದುಡ್ಡು ಇನ್ನೊಬ್ಬನ ಪಟ್ಟಿಗೆ ಹೋಗುತ್ತೆ. ಹಳೆಯದರ ಮೇಲೆ ಹೊಸದು ಬರೆಯೋದು ನಂಬರ್ ಪೂರ್ತಿ ಒಂದೇ ಆಗಿದ್ದಾಗ ಮಾತ್ರ.

ಸರಿ, ಪ್ರೋಗ್ರಾಂ ಓಡಿತು. ಆದರೆ ಸುಗ್ಗಿ ಬಂದಾಗ ಒಂದು ಖಾತೆ ತೆರೆಯೋಕೆ ಒಂದೆರಡು ಸೆಕೆಂಡ್. ಆಗಿನ ಹಳೇ ಕಂಪ್ಯೂಟರ್, ಸರಪಳಿ ಇದ್ದದ್ದು ಡಿಸ್ಕ್‌ನಲ್ಲಿ, ಹೆಜ್ಜೆ ಹೆಜ್ಜೆಗೂ ಫೈಲ್ ಓದಬೇಕು. "ನನ್ನ ಕೆಂಪು ಪುಸ್ತಕನೇ ವಾಸಿ ಕಣ್ರೀ" ಅಂದರು ಗುಮಾಸ್ತರು.

ಯಾವ ಗೂಡಿನಲ್ಲಿ ಎಷ್ಟಿವೆ ಅಂತ ಪ್ರಿಂಟ್ ಮಾಡಿ ನೋಡಿದೆ. 90 ಗೂಡು ಖಾಲಿ! ಉಳಿದ ಹತ್ತರಲ್ಲಿ ತಲಾ 300 ಖಾತೆ. ತಪ್ಪು ನನ್ನದೇ. ಮುಂದೆ ಅಣ್ಣತಮ್ಮಂದಿರ ಖಾತೆ ಸೇರಿಸೋಕೆ ಜಾಗ ಇರಲಿ ಅಂತ ನಂಬರ್‌ಗಳನ್ನು ಹತ್ತು ಹತ್ತು ಬಿಟ್ಟು ಕೊಟ್ಟಿದ್ದೆ: 10, 20, 30... ಎಲ್ಲದರ ಕೊನೆಯಲ್ಲೂ ಸೊನ್ನೆ. 100ರಿಂದ ಭಾಗಿಸಿದರೆ ಶೇಷದ ಕೊನೆಯಲ್ಲೂ ಸೊನ್ನೆಯೇ. ಒಂದು ಖಾತೆ ಸಿಗೋಕೆ ಸರಾಸರಿ 150 ಹೋಲಿಕೆ ಬೇಕಾಗುತ್ತಿತ್ತು.

ಗೂಡು ಜಾಸ್ತಿ ಮಾಡಿದರಾಯ್ತು ಅಂತ 1000 ಮಾಡಿದೆ. ಆಗಲೂ 100 ಗೂಡು ಮಾತ್ರ ತುಂಬಿ, 900 ಸುಮ್ನೆ ಬಿದ್ದಿದ್ದವು. ಆಮೇಲೆ 1009 ಮಾಡಿದೆ. ಅದು ಅವಿಭಾಜ್ಯ ಸಂಖ್ಯೆ, ಹತ್ತರ ಜೊತೆ ಅದಕ್ಕೆ ಯಾವ ಸಾಮಾನ್ಯ ಅಪವರ್ತನವೂ ಇಲ್ಲ. ಈಗ 4560 ಹೋಗೋದು 524ಕ್ಕೆ, 7860 ಹೋಗೋದು 797ಕ್ಕೆ. ಗೂಡಿಗೆ ಮೂರರಂತೆ ಖಾತೆ ಹರಡಿದವು. ಗುಮಾಸ್ತರು ಏನೂ ಅನ್ನಲಿಲ್ಲ, ಅಂದರೆ ಒಪ್ಪಿದರು ಅಂತ.

ಖಾತೆ ಇನ್ನೂ ಬೆಳೆದರೆ ಗೂಡುಗಳೂ ಬೆಳೆಯಬೇಕು. ಆಗ ಭಾಜಕವೇ ಬದಲಾಗುವುದರಿಂದ ಪ್ರತಿಯೊಂದು ಖಾತೆಯ ಜಾಗವನ್ನೂ ಮತ್ತೆ ಲೆಕ್ಕ ಹಾಕಬೇಕು. ಜಾವಾದ `HashMap` ಇದನ್ನು ತಾನೇ ಮಾಡಿಕೊಳ್ಳುತ್ತೆ. ಸುಮ್ಮನೆ ಶುರು ಮಾಡಿದರೆ 16 ಗೂಡು. ಮುಕ್ಕಾಲು ಭಾಗ ಅಂದರೆ 12 ಕೀ ಆದ ಮೇಲೆ, 13ನೆಯದು ಬಂದಾಗ 32ಕ್ಕೆ ಏರುತ್ತೆ. ಆ ಒಂದು ಸೇರಿಸುವಿಕೆ ಮಾತ್ರ ನಿಧಾನ.

ಗೂಡು ಎಷ್ಟು ಹೆಚ್ಚಿಸಿದರೂ ಬೇರೆಯಾಗದ ಜೋಡಿಗಳೂ ಇವೆ. ಜಾವಾದಲ್ಲಿ ಇದನ್ನು ಓಡಿಸಿ ನೋಡಿ:

```java
System.out.println("Aa".hashCode()); // 2112
System.out.println("BB".hashCode()); // 2112
```

ಎರಡು ಅಕ್ಷರದ ಪದಕ್ಕೆ ಜಾವಾ ಮಾಡೋದು ಮೊದಲ ಅಕ್ಷರದ ಸಂಖ್ಯೆ × 31 + ಎರಡನೆಯದು. 65 × 31 + 97 ಅಂದರೂ 2112, 66 × 31 + 66 ಅಂದರೂ 2112. ಹ್ಯಾಶ್ ಸಂಖ್ಯೆಯೇ ಒಂದಾದ ಮೇಲೆ ಟೇಬಲ್ ಎಷ್ಟೇ ದೊಡ್ಡದಿದ್ದರೂ ಇವೆರಡೂ ಒಂದೇ ಗೂಡಿಗೆ ಬೀಳುತ್ತವೆ. ಆಗ `"BB"` ಕೇಳಿದವರಿಗೆ `"BB"`ಯದ್ದೇ ಸಿಗುವುದು ಗೂಡಿನೊಳಗಿನ ಆ ಹೋಲಿಕೆಯಿಂದ, ಅಂದರೆ `equals` ಇರುವುದರಿಂದ.