ಅಗ್ಗದ ವೈರು, ಒಂದು ಇಮೇಲು

ತಿಪಟೂರಿನ ನಮ್ಮ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಶ್ರಾವಣ ಹತ್ತಿರ ಬಂತೆಂದರೆ ವೈರ್‌ಗೆ ಬೇಡಿಕೆ ಏರುತ್ತದೆ. ಗೃಹಪ್ರವೇಶ ಗೊತ್ತುಮಾಡಿಕೊಂಡವರು ವೈರಿಂಗ್ ಮುಗಿಸಲು ಅವಸರಪಡುತ್ತಾರೆ. ಆ ವರ್ಷ ಆಷಾಢದಲ್ಲಿ ಬೆಂಗಳೂರಿನ ಒಬ್ಬ ಹೋಲ್‌ಸೇಲ್ ವ್ಯಾಪಾರಿ ವಾಟ್ಸಾಪ್‌ನಲ್ಲಿ ರೇಟ್ ಕಳಿಸಿದರು. ಹೆಸರಾಂತ ಕಂಪನಿಯ 1.5 ಸ್ಕ್ವೇರ್ ಎಂ.ಎಂ. ವೈರ್, 90 ಮೀಟರ್ ಕಾಯಿಲ್. ನಾನು ಡಿಸ್ಟ್ರಿಬ್ಯೂಟರ್‌ಗೆ ಕೊಡುತ್ತಿದ್ದ ದರಕ್ಕಿಂತ ಕಾಲುಭಾಗದಷ್ಟು ಕಡಿಮೆ.

ಸ್ವಿಚ್ಚೋ ಬಲ್ಬೋ ಆಗಿದ್ದರೆ ಹಳೆ ಸ್ಟಾಕ್ ಖಾಲಿ ಮಾಡುತ್ತಿದ್ದಾರೆ ಅಂದುಕೊಳ್ಳಬಹುದಿತ್ತು. ವೈರ್‌ನಲ್ಲಿ ಹಾಗಾಗುವುದು ಕಷ್ಟ. ಅಂಥ ಒಂದು ಕಾಯಿಲ್‌ನೊಳಗೆ ಸುಮಾರು 1.2 ಕೆಜಿ ತಾಮ್ರ ಇರಲೇಬೇಕು, ಅದರ ಬೆಲೆಯಲ್ಲಿ ದೊಡ್ಡ ಪಾಲು ತಾಮ್ರದ್ದೇ. ತಾಮ್ರದ ಮಾರ್ಕೆಟ್ ರೇಟ್ ಎಲ್ಲರಿಗೂ ಒಂದೇ. ಇಷ್ಟು ಅಗ್ಗವಾಗಬೇಕೆಂದರೆ ಎಳೆಗಳನ್ನು ಸಣ್ಣ ಮಾಡಿರಬೇಕು, ಉದ್ದದಲ್ಲಿ ಕಡಿತ ಮಾಡಿರಬೇಕು, ಇಲ್ಲವೇ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟಿರಬೇಕು. ಲೇಪದ ವೈರ್ ಅದೇ ದಪ್ಪದ ತಾಮ್ರಕ್ಕಿಂತ ಹೆಚ್ಚು ಬಿಸಿಯಾಗುತ್ತದೆ, ಸ್ಕ್ರೂ ಬಿಗಿ ಮಾಡಿದ ಜಾಗದಲ್ಲಿ ಬರಬರುತ್ತಾ ಸಡಿಲವಾಗುತ್ತದೆ. ಗೋಡೆಯೊಳಗೆ ಹೋದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮಲ್ಲಿ ವೈರ್ ಒಯ್ಯುವವರು ಊರವರೇ, ಅವರ ಮಕ್ಕಳು ಮಲಗುವ ಮನೆ ಅದು.

ಫೋನಿನಲ್ಲಿ ಮಾತಾಡಿದರೆ ಮಾತು ಗಾಳಿಗೆ ಹೋಗುತ್ತದೆಂದು ಇಮೇಲ್ ಬರೆದೆ:

“ಸಾರ್, ನಮಸ್ಕಾರ. ನಿಮ್ಮ ರೇಟ್ ನೋಡಿದೆ. ಅಡ್ವಾನ್ಸ್ ಹಾಕುವ ಮೊದಲು ದಯವಿಟ್ಟು ಇವನ್ನು ಕಳಿಸಿಕೊಡಿ. ನಿಮ್ಮ ಗೋಡೌನ್‌ನಲ್ಲಿರುವ ಮಾಲಿನ ಫೋಟೊ, ಪಕ್ಕದಲ್ಲಿ ನಮ್ಮ ಅಂಗಡಿ ಹೆಸರು ಮತ್ತು ಇವತ್ತಿನ ತಾರೀಖು ಬರೆದ ಚೀಟಿ ಇರಲಿ. ಲೇಬಲ್ ಹತ್ತಿರದಿಂದ ತೆಗೆದ ಫೋಟೊದಲ್ಲಿ ಐಎಸ್‌ಐ ಗುರುತು, ಲೈಸೆನ್ಸ್ ನಂಬರ್, ಬ್ಯಾಚ್, ತಯಾರಾದ ತಿಂಗಳು ಓದುವಂತಿರಲಿ. ಈ ಮಾಲನ್ನು ನೀವು ಕೊಂಡ ಇನ್‌ವಾಯ್ಸ್‌ನ ಪ್ರತಿಯೂ ಬೇಕು. ನೀವು ಕೊಂಡ ದರವನ್ನು ಮುಚ್ಚಿ ಕಳಿಸಿದರೂ ಅಡ್ಡಿಯಿಲ್ಲ. ಸರಬರಾಜು ಮಾಡಿದವರ ಹೆಸರು, ಜಿಎಸ್‌ಟಿ ನಂಬರ್, ತಾರೀಖು, ಎಷ್ಟು ಕಾಯಿಲ್ ಎಂಬುದು ಕಂಡರೆ ಸಾಕು.”

ದರ ಮುಚ್ಚಬಹುದು ಎಂದದ್ದು ಬೇಕೆಂದೇ. ಅವರ ಲಾಭ ಎಷ್ಟೆಂದು ತಿಳಿಯುವ ಹಕ್ಕು ನನಗಿಲ್ಲ. ಅದನ್ನು ಬಿಟ್ಟುಕೊಟ್ಟರೆ ಇನ್‌ವಾಯ್ಸ್ ತೋರಿಸಲು ಹಿಂಜರಿಯುವವರಿಗೆ ಬೇರೆ ನೆಪವೂ ಉಳಿಯುವುದಿಲ್ಲ.

ಮಾರನೇ ದಿನವೇ ಉತ್ತರ ಬಂತು. ಚೀಟಿ ಇಟ್ಟು ತೆಗೆದ ಫೋಟೊಗಳು ಸ್ಪಷ್ಟವಾಗಿದ್ದವು. ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದೆ, ಅದೇ ಕಂಪನಿ, ಚಾಲ್ತಿಯಲ್ಲಿರುವ ಲೈಸೆನ್ಸ್ ಎಂದು ತೋರಿಸಿತು. ಅಲ್ಲಿಗೇ ಸಮಾಧಾನ ಮಾಡಿಕೊಳ್ಳುವಂತಿಲ್ಲ. ನಕಲಿ ಲೇಬಲ್ ಅಚ್ಚು ಹಾಕುವವರು ಅಸಲಿ ನಂಬರನ್ನೇ ಎತ್ತಿ ಹಾಕುತ್ತಾರೆ. ಆ್ಯಪ್ ಹೇಳುವುದು ಆ ನಂಬರ್ ಯಾರದ್ದು ಎಂದಷ್ಟೇ, ಆ ಲೇಬಲ್ ಯಾವ ಕಾಯಿಲ್ ಮೇಲೆ ಕೂತಿದೆ ಎಂದಲ್ಲ.

ಇನ್‌ವಾಯ್ಸ್ ಕೂಡ ಮೇಲ್ನೋಟಕ್ಕೆ ಸರಿಯಾಗಿಯೇ ಇತ್ತು. ಮಾರಿದವರ ಜಿಎಸ್‌ಟಿ ನಂಬರನ್ನು ಪೋರ್ಟಲ್‌ನಲ್ಲಿ ಹುಡುಕಿದರೆ ಹೆಸರು, ವಿಳಾಸ ಎರಡೂ ತಾಳೆಯಾದವು. ಆಮೇಲೆ ಫೋಟೊ ಮತ್ತು ಇನ್‌ವಾಯ್ಸ್ ಎರಡನ್ನೂ ಅಕ್ಕಪಕ್ಕ ತೆರೆದು ಕೂತೆ. ಇನ್‌ವಾಯ್ಸ್ ಏಪ್ರಿಲ್‌ನದು. ಲೇಬಲ್ ಮೇಲಿದ್ದ ತಯಾರಿಕೆಯ ತಿಂಗಳು ಜೂನ್. ಇನ್‌ವಾಯ್ಸ್‌ನಲ್ಲಿದ್ದದ್ದು 40 ಕಾಯಿಲ್, ಅವರು ನನಗೆ ಕೊಡುತ್ತೇನೆಂದದ್ದು 200. ಜೂನ್‌ನಲ್ಲಿ ತಯಾರಾದ ಮಾಲನ್ನು ಏಪ್ರಿಲ್‌ನಲ್ಲಿ ಯಾರೂ ಮಾರಲಾಗದು. ಅಂದರೆ ಇನ್‌ವಾಯ್ಸ್ ಅಸಲಿಯೇ ಇರಬಹುದು, ಆದರೆ ಅದು ಈ ಮಾಲಿನದಲ್ಲ.

ಅದನ್ನೇ ಬರೆದು, ಜೂನ್ ಮಾಲಿನ ಇನ್‌ವಾಯ್ಸ್ ಕೇಳಿದೆ. ಈ ಸಲ ಇಮೇಲ್ ಬರಲಿಲ್ಲ, ಫೋನ್ ಬಂತು. “ಏನ್ ಸಾರ್, ಇಷ್ಟೆಲ್ಲ ಕೇಳ್ತಾ ಕೂತ್ರೆ ವ್ಯಾಪಾರ ಆಗುತ್ತಾ? ನಂಬಿಕೆ ಮೇಲೆ ನಡೆಯೋದಲ್ವಾ? ಬಿಲ್ ಬೇಡ ಅಂದ್ರೆ ಇನ್ನೂ ಸ್ವಲ್ಪ ಕಮ್ಮಿ ಮಾಡ್ಕೊಡ್ತೀನಿ.”

“ಬಿಲ್ ಇಲ್ದೆ ನಾನು ತಗೊಳ್ಳಲ್ಲ ಸಾರ್,” ಅಂದೆ.

ಇದು ಹಟವಲ್ಲ. 1999ರ ಟ್ರೇಡ್‌ ಮಾರ್ಕ್ಸ್ ಕಾಯ್ದೆಯ 104ನೇ ಸೆಕ್ಷನ್ ಪ್ರಕಾರ ನಕಲಿ ಬ್ರ್ಯಾಂಡಿನ ಮಾಲು ಮಾರಿದವನಿಗೂ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಆಗಬಹುದು. “ನನಗೆ ಗೊತ್ತಿರಲಿಲ್ಲ” ಎಂದಷ್ಟೇ ಹೇಳಿದರೆ ಸಾಲದು. ಸಾಕಷ್ಟು ಎಚ್ಚರ ವಹಿಸಿದ್ದೆ, ಅನುಮಾನಕ್ಕೆ ಕಾರಣವಿರಲಿಲ್ಲ ಎಂದು ತೋರಿಸಬೇಕು, ಮಾಲು ಎಲ್ಲಿಂದ ಬಂತೆಂದು ಕೇಳಿದಾಗ ಹೇಳಬೇಕು. ಆ ತಾರೀಖು ಕಣ್ಣಿಗೆ ಬಿದ್ದ ಮೇಲೆ ಅನುಮಾನವಿರಲಿಲ್ಲ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ಶ್ರಾವಣಕ್ಕೆ ಹಳೆಯ ಡಿಸ್ಟ್ರಿಬ್ಯೂಟರ್‌ನಿಂದಲೇ ಮಾಲು ತರಿಸಿದೆ, ಲಾಭ ತೆಳುವಾಯಿತು. ಫೋಟೊಗಳನ್ನು ಕಂಪನಿಯ ಸೇಲ್ಸ್ ಪ್ರತಿನಿಧಿಗೆ ಕಳಿಸಿದೆ. ಈಗ ಯಾರಿಂದ ಮಾಲು ಬಂದರೂ ಕಾಯಿಲ್ ಲೇಬಲ್‌ನ ಫೋಟೊ ತೆಗೆದು ಇನ್‌ವಾಯ್ಸ್ ಜೊತೆಗೆ ಒಂದೇ ಫೋಲ್ಡರ್‌ನಲ್ಲಿ ಇಡುತ್ತೇನೆ, ಒಂದು ಕಾಯಿಲ್ ತುದಿ ಸುಲಿದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡುತ್ತೇನೆ. ಒಳಗೆ ಬಿಳಿ ಕಂಡರೆ ಅಂಗಡಿಯೊಳಗೆ ಬಿಟ್ಟುಕೊಳ್ಳುವುದಿಲ್ಲ.